ಊಟೋಪಚಾರ, ಸಾದಿಲ್ವಾರು, ಜೀಪು ಬಾಡಿಗೆ: ಒಂದು ಅನುದಾನ ಅರ್ಜಿ ಇಂಗ್ಲಿಷಿಗೆ ಹೋದ ಬಗೆ

ದಕ್ಷಿಣ ಕೊಡಗಿನ ಒಂದು ಸಣ್ಣ ಟ್ರಸ್ಟ್ ಆದಿವಾಸಿಗಳ ಹಾಡಿಗಳಲ್ಲಿ, ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಮಕ್ಕಳಿಗಾಗಿ ಎಂಟು ಕೇಂದ್ರ ನಡೆಸುತ್ತದೆ. ಕಾಫಿ ಕೊಯ್ಲು ಶುರುವಾದರೆ ಅಪ್ಪ ಅಮ್ಮ ಬೆಳಗ್ಗೆ ಏಳಕ್ಕೆಲ್ಲ ತೋಟಕ್ಕೆ ಹೊರಡುತ್ತಾರೆ. ಮಗುವನ್ನು ಎಬ್ಬಿಸಿ, ತಿಂಡಿ ಕೊಟ್ಟು, ಶಾಲೆಗೆ ಕಳಿಸಲು ಮನೆಯಲ್ಲಿ ಯಾರೂ ಇರುವುದಿಲ್ಲ. ಮಗುವೂ ಅವರ ಹಿಂದೆಯೇ ತೋಟಕ್ಕೆ ಹೋಗುತ್ತದೆ. ಕೇಂದ್ರ ಮಾಡುವುದು ಇಷ್ಟೇ: ಏಳರಿಂದ ಒಂಬತ್ತೂವರೆವರೆಗೆ ಮಕ್ಕಳನ್ನು ಇಟ್ಟುಕೊಂಡು, ತಿಂಡಿ ಕೊಟ್ಟು, ಜೀಪಿನಲ್ಲಿ ಶಾಲೆಗೆ ತಲುಪಿಸುವುದು. ಸಂಜೆ ನಾಲ್ಕರಿಂದ ಆರೂವರೆವರೆಗೆ ಮತ್ತೆ ನೋಡಿಕೊಳ್ಳುವುದು.

ಈ ಕೆಲಸಕ್ಕೆ ಒಂದು ವರ್ಷದ ಹಣ ಕೇಳಿ ಯುರೋಪಿನ ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕಬೇಕಿತ್ತು. ಕನ್ನಡದ ಕರಡು ತಯಾರಾಗಿತ್ತು. ಅದನ್ನು ಇಂಗ್ಲಿಷಿಗೆ ತರುವುದು ನನ್ನ ಪಾಲಿಗೆ ಬಂತು. ಕರಡು ಬರೆದವರು ಟ್ರಸ್ಟಿನ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು. ಕನ್ನಡ ಚೆನ್ನಾಗಿತ್ತು. ಇಲಾಖೆಗೋ ಊರಿನ ದಾನಿಗಳಿಗೋ ಕೊಟ್ಟಿದ್ದರೆ ಯಾರೂ ಒಂದಕ್ಷರ ತಿದ್ದುತ್ತಿರಲಿಲ್ಲ. ಆದರೆ ವಿದೇಶದ ದಾನಿಯ ಕೈಯಲ್ಲಿ ಅರ್ಜಿ ಸುಮ್ನೆ ಅರ್ಜಿಯಾಗಿ ಉಳಿಯುವುದಿಲ್ಲ. ಮಂಜೂರಾದ ದಿನ ಅದೇ ಕಾಗದ ಒಪ್ಪಂದದ ಜೊತೆ ಸೇರಿಕೊಳ್ಳುತ್ತದೆ. ವರ್ಷದ ಕೊನೆಗೆ ವರದಿ ಬರೆಯುವಾಗ ಪ್ರತಿ ಸಾಲಿಗೂ ‘ಹೇಳಿದ್ದು ಇದು, ಆಗಿದ್ದು ಇದು’ ಎಂದು ಉತ್ತರ ಕೊಡಬೇಕು. ಬಜೆಟ್‌ನ ಒಂದೊಂದು ತಲೆಬರಹದ ಕೆಳಗೂ ವೋಚರ್ ಕೂರಬೇಕು. ಹಾಗಾಗಿ ನಾನು ಅನುವಾದಕ್ಕೆ ಕೂರುವ ಮುಂಚೆ ಬಜೆಟ್ ಹಾಳೆ ತೆಗೆದೆ. ಇಂಥ ಕೆಲಸದಲ್ಲಿ ನಾನು ಯಾವಾಗಲೂ ಹಿಂದಿನಿಂದ ಓದುತ್ತೇನೆ. ಸಂಸ್ಥೆ ನಿಜಕ್ಕೂ ಏನು ಮಾಡುತ್ತದೆ ಅನ್ನುವುದು ಪೀಠಿಕೆಗಿಂತ ಬಜೆಟ್‌ನಲ್ಲೇ ಚೆನ್ನಾಗಿ ಕಾಣುತ್ತದೆ.

ಬಜೆಟ್ ಒಟ್ಟು 24 ಲಕ್ಷ ರೂಪಾಯಿ. ಐದೇ ತಲೆಬರಹ. ‘ಆಡಳಿತ ಮತ್ತು ಸಿಬ್ಬಂದಿ ವೆಚ್ಚ’ 14.08 ಲಕ್ಷ, ‘ಊಟೋಪಚಾರ’ 4 ಲಕ್ಷ, ‘ವಾಹನ ವೆಚ್ಚ’ 2.88 ಲಕ್ಷ, ‘ಸಾಮಗ್ರಿ ಮತ್ತು ತರಬೇತಿ’ 2.10 ಲಕ್ಷ, ‘ಸಾದಿಲ್ವಾರು ಮತ್ತು ಇತರೆ’ 94 ಸಾವಿರ. ಕನ್ನಡದಲ್ಲಿ ನೋಡಿದರೆ ಎಲ್ಲ ಸರಿಯಾಗೇ ಇದೆ. ಇವನ್ನೇ ಪದಕ್ಕೆ ಪದ ಇಂಗ್ಲಿಷ್ ಮಾಡಿ ಕಳಿಸಿದ್ದರೆ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿತ್ತು. ಬೀಳದೆ ಪಾಸಾಗಿದ್ದರೆ ಇನ್ನೂ ಕಷ್ಟ.

ಮೊದಲನೇ ಸಾಲನ್ನೇ ನೋಡಿ. 24 ಲಕ್ಷದಲ್ಲಿ 14.08 ಲಕ್ಷ ಅಂದರೆ ನೂರಕ್ಕೆ 58ಕ್ಕೂ ಜಾಸ್ತಿ. ಅದರ ಹೆಸರಲ್ಲಿ ‘ಆಡಳಿತ’ ಎಂದಿದೆ. ವಿದೇಶದ ಹಣ ಪಡೆಯುವ ಸಂಸ್ಥೆಗಳಿಗೆ ಎಫ್‌ಸಿಆರ್‌ಎ ಕಾಯ್ದೆ ಇದೆ. 2020ರ ತಿದ್ದುಪಡಿ ಆದಮೇಲೆ, ಒಂದು ಹಣಕಾಸು ವರ್ಷದಲ್ಲಿ ಬಂದ ವಿದೇಶಿ ದೇಣಿಗೆಯಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ಆಡಳಿತಕ್ಕೆ ಖರ್ಚು ಮಾಡುವ ಹಾಗಿಲ್ಲ. ಅದಕ್ಕೆ ಮೊದಲು 50ರವರೆಗೆ ಅವಕಾಶ ಇತ್ತು. ಭಾರತಕ್ಕೆ ಹಣ ಕೊಟ್ಟು ಅಭ್ಯಾಸ ಇರುವ ದಾನಿಗಳಿಗೆ ಈ 20ರ ಲೆಕ್ಕ ಬಾಯಿಪಾಠ. 58 ಕಂಡರೆ ಮುಂದಿನ ಪುಟ ತಿರುಗಿಸುವುದೇ ಇಲ್ಲ.

ಹಾಗಂತ ಮೇಷ್ಟ್ರು ಏನೂ ಮುಚ್ಚಿಟ್ಟಿರಲಿಲ್ಲ. ಆ ಸಾಲನ್ನು ಬಿಚ್ಚಿ ಹೇಳಿ ಎಂದಾಗ ಒಂದೊಂದಾಗಿ ಹೇಳಿದರು. ಎಂಟು ಕೇಂದ್ರಗಳ ಕಾರ್ಯಕರ್ತೆಯರ ಗೌರವಧನ 8.64 ಲಕ್ಷ. ಸಂಯೋಜಕಿಯ ಸಂಬಳ 2.64 ಲಕ್ಷ. ಲೆಕ್ಕ ಬರೆಯುವವರಿಗೆ 1.44 ಲಕ್ಷ. ಕಚೇರಿ ಬಾಡಿಗೆ, ಕರೆಂಟು, ಫೋನು 96 ಸಾವಿರ. ಆಡಿಟ್ ಶುಲ್ಕ 40 ಸಾವಿರ. ಸಂಬಳ ಅನ್ನುವುದೆಲ್ಲ ಆಡಳಿತ ಎಂದು ನಾವು ರೂಢಿಯಲ್ಲಿ ಒಟ್ಟಿಗೆ ಹಾಕಿಬಿಡುತ್ತೇವೆ. ಕಾಯ್ದೆಯ ನಿಯಮ ಹಾಗೆ ನೋಡುವುದಿಲ್ಲ. ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಕೆಲಸ ಮಾಡುವವರ ಸಂಬಳ ಆಡಳಿತ ವೆಚ್ಚಕ್ಕೆ ಸೇರುವುದಿಲ್ಲ. ಆಸ್ಪತ್ರೆಯ ಡಾಕ್ಟರು, ಶಾಲೆಯ ಮೇಷ್ಟ್ರು ಎಂದು ನಿಯಮವೇ ಉದಾಹರಣೆ ಕೊಡುತ್ತದೆ. ಕೇಂದ್ರದಲ್ಲಿ ಮಕ್ಕಳ ಜೊತೆ ಕೂರುವ ಕಾರ್ಯಕರ್ತೆಯೂ ಆ ಸಾಲಿನವರೇ. ಲೆಕ್ಕಿಗ, ಕಚೇರಿ ಬಾಡಿಗೆ, ಆಡಿಟ್ ಮಾತ್ರ ಖಂಡಿತ ಆಡಳಿತ.

ಉಳಿದದ್ದು ಸಂಯೋಜಕಿ. ಕಗ್ಗಂಟು ಇದ್ದದ್ದು ಅಲ್ಲೇ. ಆಕೆ ವಾರದ ಅರ್ಧದಷ್ಟು ದಿನ ಹಾಡಿಯಲ್ಲಿ ಇರುತ್ತಾರೆ. ಕೇಂದ್ರದಲ್ಲಿ ಪಾಠ ಮಾಡುತ್ತಾರೆ, ಬರದ ಮಕ್ಕಳ ಮನೆಗೆ ಹೋಗುತ್ತಾರೆ. ಉಳಿದ ದಿನ ಕಚೇರಿಯಲ್ಲಿ ವರದಿ, ಬಿಲ್ಲು, ಮೀಟಿಂಗು. ಪೂರ್ತಿ ಸಂಬಳ ಆಡಳಿತಕ್ಕೆ ಹಾಕಿದರೆ ಒಟ್ಟು 20 ದಾಟುತ್ತದೆ. ಪೂರ್ತಿ ಕಾರ್ಯಕ್ರಮಕ್ಕೆ ಹಾಕಿದರೆ ಅದು ನಿಜ ಅಲ್ಲ. “ನೀವೇ ಒಂದು ಒಳ್ಳೆ ಪದ ಹಾಕಿಬಿಡಿ, ಇಂಗ್ಲಿಷಿನಲ್ಲಿ ಇರುತ್ತದಲ್ವಾ?” ಎಂದರು ಮೇಷ್ಟ್ರು. ಪದ ಇದೆ, ನೂರು ಇದೆ. ಆದರೆ ತಲೆಬರಹ ಬದಲಿಸಿದರೆ ಖರ್ಚಿನ ಜಾತಿ ಬದಲಾಗುವುದಿಲ್ಲ. ವರ್ಷದ ಕೊನೆಗೆ ಎಫ್‌ಸಿ-4 ಎಂಬ ವಾರ್ಷಿಕ ಲೆಕ್ಕ ಸಲ್ಲಿಸುವಾಗ ಆಡಿಟರ್ ಸಹಿ ಹಾಕಬೇಕು. ಇದು ಅನುವಾದಕರು ತೀರ್ಮಾನಿಸುವ ವಿಷಯವೇ ಅಲ್ಲ ಎಂದು ಟ್ರಸ್ಟಿನ ಆಡಿಟರಿಗೆ ಫೋನ್ ಮಾಡಿಸಿದೆ.

ಅವರು ಎರಡು ಪ್ರಶ್ನೆ ಕೇಳಿದರು. ಸಂಯೋಜಕಿ ಡೈರಿ ಬರೆಯುತ್ತಾರಾ? ಬರೆಯುತ್ತಾರೆ. ಯಾವ ದಿನ ಯಾವ ಹಾಡಿ ಎಂದು ಅದರಲ್ಲಿ ಇದೆಯಾ? ಇದೆ. ಹಾಗಾದರೆ ಅರ್ಧ ಅರ್ಧ ಮಾಡಿ, ಆದರೆ ಪ್ರತಿ ತಿಂಗಳು ದಿನದ ಲೆಕ್ಕದ ಹಾಳೆಗೆ ಸಹಿ ಹಾಕಿಸಿ ಇಡಿ ಎಂದರು. ಆಕೆಯ ಸಂಬಳದಲ್ಲಿ 1.32 ಲಕ್ಷ ಕಾರ್ಯಕ್ರಮಕ್ಕೆ, 1.32 ಲಕ್ಷ ಆಡಳಿತಕ್ಕೆ ಹೋಯಿತು. ಮುಂದೆ ಹೇಳುವ ಕಚೇರಿ ಸ್ಟೇಷನರಿಯ 24 ಸಾವಿರವೂ ಸೇರಿ ಕೊನೆಗೆ ಆಡಳಿತದ ಒಟ್ಟು ಮೊತ್ತ 4.36 ಲಕ್ಷಕ್ಕೆ ನಿಂತಿತು, ನೂರಕ್ಕೆ 18ರ ಆಸುಪಾಸು. ಇನ್ನೊಂದು ಮಾತು ಅವರೇ ಹೇಳಿದರು: ಈ 20ರ ಮಿತಿ ಒಂದು ಯೋಜನೆಗಲ್ಲ, ಆ ವರ್ಷ ಸಂಸ್ಥೆಗೆ ಬಂದ ವಿದೇಶಿ ದೇಣಿಗೆಗೆಲ್ಲ ಸೇರಿ. ಬೇರೆ ದಾನಿಯ ಹಣದಲ್ಲಿ ಕಚೇರಿ ಖರ್ಚು ಜಾಸ್ತಿ ತೋರಿಸಿದ್ದರೆ ಇಲ್ಲಿಯ 18 ಉಪಯೋಗಕ್ಕೆ ಬರುವುದಿಲ್ಲ. ಈ ಟ್ರಸ್ಟಿಗೆ ಬೇರೆ ವಿದೇಶಿ ದಾನಿ ಇರಲಿಲ್ಲ.

ಇನ್ನು ‘ಸಾದಿಲ್ವಾರು’. ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಈ ಪದ ಗೊತ್ತು. ಪೆನ್ನು, ಪೇಪರು, ಜೆರಾಕ್ಸ್, ಅಂಚೆ, ಪೊರಕೆ, ಬಲ್ಬು, ಇಂಥ ಸಣ್ಣಪುಟ್ಟ ಖರ್ಚು. ನಮ್ಮ ನಿಘಂಟುಗಳು, ಕಚೇರಿ ಪದಪಟ್ಟಿಗಳು ಇದಕ್ಕೆ ಕೊಡುವ ಇಂಗ್ಲಿಷ್ ‘ಕಂಟಿಂಜೆನ್ಸಿ’. ಅನುದಾನದ ಬಜೆಟ್‌ನಲ್ಲಿ ಆ ಪದಕ್ಕೆ ಬೇರೆಯೇ ಕೆಲಸ. ಮುಂದೆ ಏನಾದರೂ ಅನಿರೀಕ್ಷಿತ ಬಂದರೆ ಇರಲಿ ಎಂದು ತೆಗೆದಿಡುವ ಹಣ ಅದು. ಈ ಪ್ರತಿಷ್ಠಾನದ ಮಾರ್ಗಸೂಚಿಯಲ್ಲಿ ಅಂಥ ಹಣಕ್ಕೆ ಅವಕಾಶವೇ ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗೇ ಬರೆದಿದ್ದರೆ ಆ ಸಾಲಿನ 94 ಸಾವಿರದಲ್ಲಿ ಸಾದಿಲ್ವಾರಿನ ಪಾಲಾದ 60 ಸಾವಿರ ಕಣ್ಣುಮುಚ್ಚಿ ಹೊಡೆದುಹಾಕುತ್ತಿದ್ದರು. ಎಲ್ಲ ನಿಜವಾದ ಖರ್ಚು, ಒಂದು ಪದದಿಂದ ಹೋಗುತ್ತಿತ್ತು.

ಹಿಂದಿನ ವರ್ಷದ ಸಾದಿಲ್ವಾರು ವೋಚರ್ ಕಟ್ಟು ತರಿಸಿಕೊಂಡು ಕೂತೆವು. ಈ ಕೆಲಸಕ್ಕೆ ಬೇರೆ ದಾರಿ ಇಲ್ಲ. ಅರ್ಧಕ್ಕಿಂತ ಜಾಸ್ತಿ ಖರ್ಚು ಕೇಂದ್ರಗಳದ್ದೇ. ಮಕ್ಕಳ ಅಭ್ಯಾಸದ ಹಾಳೆಗಳ ಜೆರಾಕ್ಸ್, ಸೋಪು, ಗಾಯಕ್ಕೆ ಹಚ್ಚುವ ಮುಲಾಮು, ಚಾಪೆ. ಅದನ್ನು ‘ಕೇಂದ್ರಗಳ ದಿನಬಳಕೆ ವಸ್ತು’ ಎಂದು ಬೇರೆ ಮಾಡಿ 36 ಸಾವಿರ ಇಟ್ಟೆವು. ಉಳಿದ 24 ಸಾವಿರ ಕಚೇರಿಯ ಸ್ಟೇಷನರಿ ಮತ್ತು ಅಂಚೆ, ಅದು ಆಡಳಿತಕ್ಕೆ ಹೋಯಿತು. ‘ಇತರೆ’ ಎಂಬ 34 ಸಾವಿರವನ್ನೂ ಹಾಗೆ ಬಿಡಲಿಲ್ಲ. ಏನು ಇತರೆ ಎಂದರೆ, ಹಾಡಿಯಲ್ಲಿ ಪೋಷಕರ ಸಭೆ ಮಾಡಿದಾಗಿನ ಚಹಾ, ಬಿಸ್ಕತ್ತು, ಮೈಕ್ ಬಾಡಿಗೆ. ಅದಕ್ಕೆ 26 ಸಾವಿರ ಸಾಕು ಎಂದರು. ಮಿಕ್ಕ ಎಂಟು ಸಾವಿರ ಎಲ್ಲಿ ಹೋಯಿತೆಂದು ಮುಂದೆ ಹೇಳುತ್ತೇನೆ.

‘ಊಟೋಪಚಾರ’ ನೋಡಿ ನಕ್ಕುಬಿಟ್ಟೆ. ಮದುವೆ ಮನೆಯ ಪದ. ಇದಕ್ಕೆ ನೇರ ಇಂಗ್ಲಿಷ್ ಹಾಕಿದರೆ ಅತಿಥಿ ಸತ್ಕಾರಕ್ಕೆ 4 ಲಕ್ಷ ಕೇಳಿದ ಹಾಗೆ ಓದುತ್ತದೆ. ನಿಜದಲ್ಲಿ ಅದು 160 ಮಕ್ಕಳ ಬೆಳಗಿನ ತಿಂಡಿ, ದಿನಕ್ಕೆ ತಲಾ 25 ರೂಪಾಯಿ, 100 ದಿನ. ಇಂಗ್ಲಿಷಿನಲ್ಲಿ ‘ಆಹಾರ’ ಎಂದು ಬರೆದರೂ ಸಾಲದು. ಶಾಲೆಯಲ್ಲಿ ಸರ್ಕಾರದ ಬಿಸಿಯೂಟ ಇದೆ. ಅದೇ ಊಟಕ್ಕೆ ಎರಡು ಕಡೆ ಹಣವಾ ಎಂದು ಕೇಳುತ್ತಾರೆ. ಬೆಳಗಿನ ತಿಂಡಿ ಎಂದೇ ಬರೆದೆ. ಏಳರಿಂದ ಒಂಬತ್ತೂವರೆ ನಡುವೆ ಕೇಂದ್ರದಲ್ಲಿ ಕೊಡುವುದು, ಬಿಸಿಯೂಟಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಬಜೆಟ್ ಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸಿದೆ.

ಅದೇ ತಲೆಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸ್ವಸಹಾಯ ಸಂಘಗಳಿಗೆ ನೀಡುವ ಅನುದಾನ’ ಎಂದಿತ್ತು. ಇಡೀ ಅರ್ಜಿಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಾಲು ಇದೊಂದೇ. 2020ರ ತಿದ್ದುಪಡಿ ಪ್ರಕಾರ ವಿದೇಶಿ ದೇಣಿಗೆ ಪಡೆದವರು ಅದನ್ನು ಇನ್ನೊಬ್ಬರಿಗೆ ದಾಟಿಸುವ ಹಾಗೇ ಇಲ್ಲ. ಅವರಿಗೂ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಇಲ್ಲ. ‘ಅನುದಾನ’ವನ್ನು ಇಂಗ್ಲಿಷ್ ಮಾಡಿ ಬರೆದರೆ ಟ್ರಸ್ಟ್ ತಾನೇ ಕೈಯಾರೆ ಕಾಯ್ದೆ ಮುರಿಯುತ್ತೇನೆ ಎಂದು ಬರೆದುಕೊಟ್ಟ ಹಾಗೆ. ವಿಚಾರಿಸಿದರೆ ವಿಷಯ ಬೇರೆ. ಹಾಡಿಯ ಮಹಿಳಾ ಸಂಘದವರು ತಿಂಡಿ ಮಾಡಿ ಕೊಡುತ್ತಾರೆ, ತಟ್ಟೆ ಲೆಕ್ಕದಲ್ಲಿ ಬಿಲ್ಲು ಕೊಡುತ್ತಾರೆ, ಟ್ರಸ್ಟ್ ಹಣ ಕೊಡುತ್ತದೆ. ಅದು ಖರೀದಿ. ಮೇಷ್ಟ್ರು ಗೌರವಕ್ಕೆ ಅನುದಾನ ಎಂದಿದ್ದರು ಅಷ್ಟೇ. ಆಡಿಟರಿಗೆ ಬಿಲ್ಲಿನ ಮಾದರಿ ತೋರಿಸಿ, ಅವರು ಸರಿ ಎಂದಮೇಲೆ ‘ಬಿಲ್ಲಿನ ಮೇಲೆ ಸಂಘಗಳಿಂದ ಖರೀದಿಸುವ ತಿಂಡಿ’ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದೆ. ಕನ್ನಡ ಕರಡಿನಲ್ಲೂ ತಿದ್ದಿಸಿದೆ. ಎರಡು ಭಾಷೆಯಲ್ಲಿ ಎರಡು ಮಾತು ಇರಬಾರದು. ನಾಳೆ ತಪಾಸಣೆಗೆ ಬಂದವರು ಕನ್ನಡದ ಕಡತವನ್ನೂ ತೆಗೆಯುತ್ತಾರೆ.

‘ವಾಹನ ವೆಚ್ಚ’ದ್ದೂ ಇಂಥದ್ದೇ ಕತೆ. ಸಂಸ್ಥೆಯ ಗಾಡಿಗೆ ಡೀಸೆಲ್ ಹಾಕಿಸುವುದು, ರಿಪೇರಿ ಮಾಡಿಸುವುದು ಆಡಳಿತ ವೆಚ್ಚಕ್ಕೆ ಸೇರುತ್ತದೆ. ಇಲ್ಲಿ ಗಾಡಿಯೇ ಇಲ್ಲ. ಮಕ್ಕಳನ್ನು ಶಾಲೆಗೆ ಬಿಡಲು ಬಾಡಿಗೆಗೆ ಹಿಡಿದ ಎರಡು ಜೀಪು, ದಿನಕ್ಕೆ ತಲಾ 1,800 ರೂಪಾಯಿ, 80 ದಿನ. ಹಾಗೇ ಬರೆದೆ. ಪ್ರತಿ ಸಾಲಿನಲ್ಲೂ ಎಷ್ಟು, ಎಷ್ಟು ದಿನ, ಎಷ್ಟು ದರ ಎಂದು ಮೂರು ಕಾಲಂ ಬಂದರೆ ತಲೆಬರಹದ ಪದ ಸ್ವಲ್ಪ ಆಚೀಚೆ ಆದರೂ ಓದುವವರಿಗೆ ದಾರಿ ತಪ್ಪುವುದಿಲ್ಲ.

‘ಗೌರವಧನ’ಕ್ಕೆ ಸಮಯ ಹಿಡಿಯಿತು. ಇಂಗ್ಲಿಷಿನ ‘ಹಾನರೇರಿಯಂ’ ಅಂದರೆ ಯಾರೋ ಬಂದು ಒಂದು ಭಾಷಣ ಮಾಡಿ ಹೋದದ್ದಕ್ಕೆ ಕೊಡುವ ಕಿರು ಮೊತ್ತ ಎಂದು ಆ ಕಡೆಯವರು ತಿಳಿಯುತ್ತಾರೆ. ಇಲ್ಲಿ ಪ್ರತಿ ಕಾರ್ಯಕರ್ತೆಗೆ ತಿಂಗಳಿಗೆ 9,000 ರೂಪಾಯಿ, ಹನ್ನೆರಡು ತಿಂಗಳು. ತಿಂಗಳು ತಿಂಗಳು ಕೊಡುವುದು ಸಂಬಳ ಅಲ್ವಾ, ಪೂರ್ತಿ ದಿನದ ಕೆಲಸವಾದರೆ ಇಷ್ಟು ಕಮ್ಮಿ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ದಾನಿಗಳು ನ್ಯಾಯವಾದ ಕೂಲಿಯ ಬಗ್ಗೆ ಈಗ ತುಂಬಾ ಕೇಳುತ್ತಾರೆ, ಕೇಳಬೇಕಾದ್ದೇ. ಹಾಗಾಗಿ ಗಂಟೆ ಕೇಳಿದೆ. ಕೊಯ್ಲಿಲ್ಲದ ತಿಂಗಳಲ್ಲಿ ಸಂಜೆ ಎರಡು ಗಂಟೆ. ಕೊಯ್ಲಿನಲ್ಲಿ ಬೆಳಗ್ಗೆ ಎರಡೂವರೆ, ಸಂಜೆ ಎರಡೂವರೆ, ಒಟ್ಟು ಐದು ಗಂಟೆ. ಎರಡಕ್ಕೂ ಒಂದೇ 9,000.

ಇದನ್ನು ಎದುರಿಗೆ ಇಟ್ಟಾಗ ಮೇಷ್ಟ್ರಿಗೇ ಸರಿ ಕಾಣಲಿಲ್ಲ. ಏಳು ತಿಂಗಳು 7,000, ಕೊಯ್ಲಿನ ಐದು ತಿಂಗಳು 12,000 ಎಂದು ಅವರ ಸಮಿತಿ ತೀರ್ಮಾನ ಮಾಡಿತು. ಒಬ್ಬರಿಗೆ ವರ್ಷಕ್ಕೆ 1,09,000 ಆಗುತ್ತದೆ, ಮೊದಲು 1,08,000 ಇತ್ತು. ಎಂಟು ಜನಕ್ಕೆ ಸೇರಿ ಎಂಟು ಸಾವಿರ ಹೆಚ್ಚಾಯಿತು. ‘ಇತರೆ’ಯಿಂದ ಮಿಕ್ಕಿದ್ದು ಇಲ್ಲಿಗೇ ಬಂತು. ಇಂಗ್ಲಿಷಿನಲ್ಲಿ ಅರೆಕಾಲಿಕ ಕಾರ್ಯಕರ್ತೆಯರ ಸಂಬಳ ಎಂದು, ಪಕ್ಕದಲ್ಲೇ ಗಂಟೆಗಳ ಸಮೇತ ಬರೆದೆ.

ಇದಾದ ಮೇಲೆ ಫಲಿತಾಂಶದ ಪುಟ. ಬಜೆಟ್ ಮುಗಿಸಿ ಬಂದಿದ್ದಕ್ಕೆ ಇದು ಸುಲಭವಾಯಿತು. ಹಣ ಯಾವುದಕ್ಕೆ ಹೋಗುತ್ತದೆ ಎಂದು ಗೊತ್ತಿದ್ದರೆ ಅದರಿಂದ ಏನು ಆಗಬಲ್ಲದು, ಏನು ಆಗಲಾರದು ಎಂದೂ ಗೊತ್ತಾಗುತ್ತದೆ.

ಕರಡಿನಲ್ಲಿ ಹೀಗಿತ್ತು: ‘ಈ ಯೋಜನೆಯಿಂದ ಕೊಯ್ಲಿನ ಸಮಯದಲ್ಲಿ ಶಾಲೆ ಬಿಡುವ ಮಕ್ಕಳ ಸಂಖ್ಯೆ ಶೂನ್ಯವಾಗಲಿದೆ. ಪೋಷಕರಲ್ಲಿ ಜಾಗೃತಿ ಮೂಡಲಿದೆ. ಹಾಡಿಯ ಮಕ್ಕಳು ಸಮಾಜದ ಮುಖ್ಯವಾಹಿನಿಗೆ ಬಂದು ಸರ್ವಾಂಗೀಣ ಅಭಿವೃದ್ಧಿ ಹೊಂದಲಿದ್ದಾರೆ.’ ಕನ್ನಡದಲ್ಲಿ ಇದು ಆಶಯ. ಓದುವವರೂ ಆಶಯ ಎಂದೇ ಓದುತ್ತಾರೆ. ‘ಆಗಲಿದೆ’ಯನ್ನು ಇಂಗ್ಲಿಷಿಗೆ ತಂದ ಕೂಡಲೇ ಅದು ಮಾತು ಕೊಟ್ಟ ಹಾಗೆ. ಶೂನ್ಯ ಎಂದರೆ ಶೂನ್ಯವೇ. ಒಂದು ಮಗು ತಪ್ಪಿದರೂ ವರದಿಯಲ್ಲಿ ‘ಗುರಿ ಮುಟ್ಟಿಲ್ಲ’.

ಜೊತೆಗೆ ‘ಶಾಲೆ ಬಿಡುವ ಮಕ್ಕಳು’ ಎಂಬುದೇ ಸರಿ ಇರಲಿಲ್ಲ. ಈ ಮಕ್ಕಳು ಶಾಲೆ ಬಿಟ್ಟವರಲ್ಲ. ಹೆಸರು ದಾಖಲಾತಿಯಲ್ಲಿ ಇದೆ. ಮಳೆಗಾಲದಲ್ಲಿ ಬರುತ್ತಾರೆ, ಕೊಯ್ಲಿನಲ್ಲಿ ವಾರಗಟ್ಟಲೆ ಬರುವುದಿಲ್ಲ, ಕೊಯ್ಲು ಮುಗಿದಮೇಲೆ ಮತ್ತೆ ಬರುತ್ತಾರೆ. ‘ಡ್ರಾಪ್‌ಔಟ್’ ಎಂದು ಬರೆದರೆ, ಆ ಕಡೆ ಕೂತವರು ಶಾಲಾ ದಾಖಲಾತಿಯ ಸರ್ಕಾರಿ ಅಂಕಿ ತೆಗೆದು ‘ಇಲ್ಲಿ ಹಾಗೆ ಕಾಣುವುದಿಲ್ಲವಲ್ಲ’ ಎನ್ನಬಹುದು. ಸಮಸ್ಯೆ ದಾಖಲಾತಿಯದಲ್ಲ, ಹಾಜರಿಯದು. ಕೊಯ್ಲಿನ ಕಾಲದ ದೀರ್ಘ ಗೈರುಹಾಜರಿ ಎಂದು ಬರೆದಾಗ ಅಳತೆಗೋಲೂ ತಾನಾಗಿ ಸಿಕ್ಕಿತು: ಶಾಲೆಯ ಹಾಜರಿ ಪುಸ್ತಕ. ಸಂಯೋಜಕಿ ಮುಖ್ಯಶಿಕ್ಷಕರ ಅನುಮತಿ ತೆಗೆದುಕೊಂಡು ಹಿಂದಿನ ಕೊಯ್ಲಿನ ಹಾಜರಿ ಎಣಿಸಿ ತಂದರು. 160 ಮಕ್ಕಳಲ್ಲಿ ನೂರಕ್ಕೆ 75 ದಿನವಾದರೂ ಶಾಲೆಗೆ ಬಂದವರು 52 ಮಕ್ಕಳು. ಅದು ನಮ್ಮ ಆರಂಭದ ಅಂಕಿ. ಅದಿಲ್ಲದೆ ಗುರಿ ಬರೆಯುವುದು ಸುಮ್ನೆ ಬಾಯಿಗೆ ಬಂದ ಸಂಖ್ಯೆ.

‘ಜಾಗೃತಿ’ ಬಗ್ಗೆ ಸಂಯೋಜಕಿಯನ್ನೇ ಕೇಳಿದೆ. “ಜಾಗೃತಿ ಬಂತು ಅಂತಿಟ್ಟುಕೊಳ್ಳಿ. ನಿಮಗೆ ಹೇಗೆ ಗೊತ್ತಾಗುತ್ತೆ? ಅವರು ಏನು ಬೇರೆ ಮಾಡ್ತಾರೆ?”

ಸ್ವಲ್ಪ ಯೋಚಿಸಿ ಆಕೆ ಹೇಳಿದರು: “ಅಕ್ಕ, ಜಾಗೃತಿ ಅವರಿಗೆ ಮೊದಲೇ ಇದೆ. ಮಗು ಓದಬೇಕು ಅಂತ ಎಲ್ಲರಿಗೂ ಆಸೆ. ಕೆಜಿ ಲೆಕ್ಕದಲ್ಲಿ ಕೂಲಿ ಕೊಡೋದಲ್ವಾ, ಬೆಳಗ್ಗೆ ಬೇಗ ಹೋದಷ್ಟು ಒಳ್ಳೆಯದು. ಮಗುವನ್ನ ಎಲ್ಲಿ ಬಿಡೋದು? ಈಗ ಕೆಲವರು ಕೊಯ್ಲು ಶುರುವಾಗೋ ಮುಂಚೆನೇ ಬಂದು ಕೇಳ್ತಾರೆ, ಕೇಂದ್ರ ಯಾವತ್ತಿಂದ ತೆಗೀತೀರಿ ಅಂತ.”

ಆ ಕೊನೆಯ ಮಾತೇ ನನಗೆ ಬೇಕಿದ್ದದ್ದು. ಕೊಯ್ಲಿಗೆ ಮೊದಲೇ ಬಂದು ಮಗುವಿನ ಹೆಸರು ಬರೆಸುವ ಕುಟುಂಬಗಳ ಸಂಖ್ಯೆ. ಅದನ್ನು ಕೇಂದ್ರದ ಪುಸ್ತಕದಲ್ಲಿ ಎಣಿಸಬಹುದು. ‘ಜಾಗೃತಿ’ ಸಾಲನ್ನು ತೆಗೆದು ಇದನ್ನು ಹಾಕಿದೆವು. ಹಾಡಿಯವರಿಗೆ ತಿಳಿವಳಿಕೆ ಇಲ್ಲ ಎಂಬ ದನಿಯೂ ಅದರ ಜೊತೆಗೇ ಹೋಯಿತು.

ಮಕ್ಕಳು ತೋಟದಲ್ಲಿ ಏನು ಮಾಡುತ್ತಾರೆ ಎಂದು ಬರೆಯುವಾಗ ತುಂಬಾ ಯೋಚಿಸಬೇಕಾಯಿತು. ಕರಡಿನ ಒಂದು ಕಡೆ ‘ಬಾಲಕಾರ್ಮಿಕ ಪದ್ಧತಿ’ ಎಂದಿತ್ತು. ಅದು ಕಾನೂನಿನ ಪದ. ಕಾಫಿ ಯುರೋಪಿಗೆ ಹೋಗುವ ಸರಕು, ಅಲ್ಲಿ ಆ ಪದಕ್ಕೆ ಭಾರ ಜಾಸ್ತಿ. ಹಾಗಂತ ತೋಟದವರಿಗೆ ಬೇಜಾರಾಗುತ್ತದೆ ಎಂದು ಇದ್ದದ್ದನ್ನು ಅಳಿಸುವುದೂ ಸರಿಯಲ್ಲ. ಕಾರ್ಯಕರ್ತೆಯರು ಕಣ್ಣಾರೆ ಕಂಡದ್ದು ಏನು ಎಂದು ಕೇಳಿ ಅಷ್ಟನ್ನೇ ಬರೆದೆ: ಮಕ್ಕಳು ತಂದೆ ತಾಯಿಯ ಜೊತೆ ತೋಟಕ್ಕೆ ಹೋಗುತ್ತಾರೆ, ದೊಡ್ಡ ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ, ಕೆಲವರು ಗಿಡದ ಕೆಳಗೆ ಉದುರಿದ ಕಾಫಿ ಹೆಕ್ಕುತ್ತಾರೆ. ಇದಕ್ಕೆ ಹೆಸರಿಡುವುದು ಓದುವವರಿಗೆ ಬಿಟ್ಟದ್ದು. ಮೇಷ್ಟ್ರಿಗೆ ಇದು ಸಪ್ಪೆ ಎನಿಸಿತು. ನನಗೆ ಮೂಲಕ್ಕಿಂತ ಇದೇ ಗಟ್ಟಿ ಎನಿಸಿತು.

ಕರಡಿನಲ್ಲಿ ಗುರಿ, ಉದ್ದೇಶ, ಫಲಿತಾಂಶ, ಪರಿಣಾಮ ಎಂಬ ನಾಲ್ಕು ಪದ ಒಂದರ ಜಾಗದಲ್ಲಿ ಒಂದು ಬಂದಿದ್ದವು. ದಾನಿಯ ನಮೂನೆಯಲ್ಲಿ ಪ್ರತಿಯೊಂದಕ್ಕೂ ಬೇರೆ ಪೆಟ್ಟಿಗೆ. ಹಾಗಾಗಿ ಪದ ನೋಡದೆ ವಿಷಯ ನೋಡಿ ಹಂಚಿದೆ. ಎಂಟು ಕೇಂದ್ರ ನಡೆದವು, 160 ಮಕ್ಕಳಿಗೆ ತಿಂಡಿ ಸಿಕ್ಕಿತು ಎನ್ನುವುದು ಟ್ರಸ್ಟಿನ ಕೈಯಲ್ಲಿರುವ ಕೆಲಸ. ಅದು ‘ಔಟ್‌ಪುಟ್’ ಪೆಟ್ಟಿಗೆಗೆ. ಅದರಿಂದ ಮಕ್ಕಳು ಶಾಲೆಗೆ ಹೆಚ್ಚು ದಿನ ಹೋದರು ಎನ್ನುವುದು ‘ಔಟ್‌ಕಮ್’. ಅದು ಪೂರ್ತಿ ಟ್ರಸ್ಟಿನ ಕೈಯಲ್ಲಿಲ್ಲ, ಆದರೆ ಅದಕ್ಕೆ ಉತ್ತರ ಕೊಡಬೇಕು. ಹಾಡಿಯ ಮಕ್ಕಳು ಹತ್ತನೇ ತರಗತಿ ಮುಗಿಸುವಂತಾಗಬೇಕು ಎನ್ನುವುದು ದೂರದ ಗುರಿ. ಅಲ್ಲಿ ಮಾತ್ರ ‘ನೆರವಾಗುತ್ತದೆ’ ಎಂಬ ಮೆತ್ತನೆ ಕ್ರಿಯಾಪದ ಬಳಸಿದೆ. ‘ಮುಖ್ಯವಾಹಿನಿ’, ‘ಸರ್ವಾಂಗೀಣ’ ಎರಡನ್ನೂ ಬಿಟ್ಟೆ. ಅವುಗಳ ಕೆಳಗೆ ಎಣಿಸಲು ಏನೂ ಇರಲಿಲ್ಲ.

ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. 24,00,000 ಎಂದು ನಮ್ಮ ರೀತಿ ಅಲ್ಪವಿರಾಮ ಹಾಕಿದರೆ ಅವರಿಗೆ ಮುದ್ರಣದೋಷ ಕಂಡಂತಾಗುತ್ತದೆ, 2,400,000 ಎಂದು ಬರೆಯಬೇಕು. ಲಕ್ಷ ಎಂಬ ಪದವೇ ಬೇಡ. ಯೂರೋಗೆ 90 ರೂಪಾಯಿ ಎಂದು ಹಿಡಿದು 26,667 ಎಂದು ತೋರಿಸಿದೆವು, ಯಾವ ದರ ಹಿಡಿದಿದ್ದು ಎಂದು ಬಜೆಟ್ ಮೇಲೆಯೇ ಬರೆದೆವು. ಕರಡಿನಲ್ಲಿ ಊರಿನ ಬ್ಯಾಂಕ್ ಖಾತೆಯ ಸಂಖ್ಯೆ ಇತ್ತು. ವಿದೇಶಿ ದೇಣಿಗೆ ಮೊದಲು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ, ಅಲ್ಲಿಂದ ಇಲ್ಲಿಗೆ. ಅದನ್ನು ಬದಲಿಸಿದೆವು.

ವರ್ಷದ ಲೆಕ್ಕ ಮಾತ್ರ ಸಣ್ಣದಲ್ಲ. ಪ್ರತಿಷ್ಠಾನದ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೋಬಸ್ಟಾ ಮುಗಿಯುವಾಗ ಫೆಬ್ರವರಿ, ಮಾರ್ಚ್. ಜನವರಿಯಿಂದ ಡಿಸೆಂಬರ್ ಎಂದು ಒಪ್ಪಿಕೊಂಡರೆ ಒಂದು ಕೊಯ್ಲು ನಡುವೆ ತುಂಡಾಗಿ, ವರದಿಯಲ್ಲಿ ಎರಡು ಅರ್ಧ ಕೊಯ್ಲುಗಳ ಹಾಜರಿ ಬರುತ್ತದೆ. ಯಾವುದಕ್ಕೂ ಅರ್ಥ ಇರುವುದಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಯೋಜನಾ ವರ್ಷ ಕೇಳಿ, ಕಾರಣವಾಗಿ ಕೊಯ್ಲಿನ ತಿಂಗಳುಗಳನ್ನು ಬರೆದೆವು. ಅದಕ್ಕೆ ಅವರು ತಕರಾರು ಮಾಡಲಿಲ್ಲ.

ಕಳಿಸುವ ಮುಂಚೆ ಇಂಗ್ಲಿಷ್ ಪ್ರತಿಯನ್ನು ಮತ್ತೆ ಕನ್ನಡಕ್ಕೆ ತಂದು ಸಮಿತಿಯ ಮುಂದೆ ಓದಿದೆ. ಮೂಲ ಕರಡನ್ನು ನೋಡದೆ, ಇಂಗ್ಲಿಷಿನಲ್ಲಿ ಏನಿದೆಯೋ ಅದನ್ನು. ಸಹಿ ಹಾಕುವವರಿಗೆ ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ಗೊತ್ತಿರಬೇಕಲ್ವಾ. ಕೇಂದ್ರದ ಕಾರ್ಯಕರ್ತೆಯರೂ ಬಂದಿದ್ದರು. ಗುರಿಯ ಸಾಲು ಆಗ ‘160ರಲ್ಲಿ 130 ಮಕ್ಕಳು’ ಎಂದಿತ್ತು, ಅದೂ ಮೇಷ್ಟ್ರನ್ನು ಶೂನ್ಯದಿಂದ ಇಳಿಸಿ ಇಳಿಸಿ ತಂದದ್ದು.

ಕಾಡಂಚಿನ ಹಾಡಿಯ ಕಾರ್ಯಕರ್ತೆ ಒಪ್ಪಲಿಲ್ಲ. “ನಮ್ಮಲ್ಲಿ ಆನೆ ತೋಟಕ್ಕೆ ಇಳಿದ್ರೆ ಜೀಪಿನವನೂ ಬರಲ್ಲ ಸಾರ್. ಮತ್ತೆ ಒಂದು ತೋಟ ಮುಗಿದ್ರೆ ಮನೆಯವರೆಲ್ಲ ಇನ್ನೊಂದು ಕಡೆ ಹೋಗ್ತಾರೆ, ಮಗುನೂ ಹೋಗುತ್ತೆ. ನೂರ ಮೂವತ್ತು ಎಲ್ಲಿಂದ ತರೋದು?”

ಯಾವ ಕೇಂದ್ರದಲ್ಲಿ ಎಷ್ಟು ಕುಟುಂಬ ನಡುವೆ ಜಾಗ ಬದಲಿಸುತ್ತದೆ ಎಂದು ಅಲ್ಲೇ ಕೂತು ಎಣಿಸಿದರು. 110 ಎಂದು ನಿಂತಿತು. 52ರಿಂದ 110 ಕಮ್ಮಿಯೇನಲ್ಲ. ಆನೆಯನ್ನು ಕರಡಿನಲ್ಲಿ ‘ಸವಾಲುಗಳು’ ಎಂಬ ಪುಟದಲ್ಲಿ ಎರಡು ಪ್ಯಾರಾ ವರ್ಣಿಸಿದ್ದರು. ಅಲ್ಲಿಂದ ತೆಗೆದು ನಮೂನೆಯಲ್ಲಿ ಷರತ್ತುಗಳಿಗಿರುವ ಕಾಲಂಗೆ ಒಂದೇ ಸಾಲಾಗಿ ಹಾಕಿದೆ: ಕಾಡಾನೆ ಓಡಾಟದಿಂದ ದಾರಿ ಬಂದ್ ಆದ ದಿನಗಳನ್ನು ಕೇಂದ್ರದ ಪುಸ್ತಕದಲ್ಲಿ ಬರೆದು, ಹಾಜರಿ ಲೆಕ್ಕದಿಂದ ಬಿಡಲಾಗುವುದು.

ಅರ್ಜಿ ಹೋಗಿ ಕೆಲವು ವಾರಕ್ಕೆ ಪ್ರತಿಷ್ಠಾನದಿಂದ ಪ್ರಶ್ನೆ ಬಂತು. ಆನೆಯ ಬಗ್ಗೆ ಅಲ್ಲ, ಆಡಳಿತದ 18ರ ಬಗ್ಗೆಯೂ ಅಲ್ಲ. ತಿಂಡಿ 100 ದಿನ ಇದೆ, ಜೀಪು 80 ದಿನ ಮಾತ್ರ ಯಾಕೆ, ಉಳಿದ 20 ದಿನ ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ ಎಂದು. ದಿನದ ಕಾಲಂ ಇದ್ದದ್ದರಿಂದ ಕೇಳಿದರು. ಸಂಯೋಜಕಿ ಫೋನಿನಲ್ಲೇ ಉತ್ತರ ಹೇಳಿದರು, ನಾನು ಇಂಗ್ಲಿಷ್ ಮಾಡಿದೆ: ಮೊದಲ 20 ದಿನ ಅರೇಬಿಕಾ ತೋಟಗಳಲ್ಲಿ ಮಾತ್ರ ಕೊಯ್ಲು. ಆ ತೋಟಗಳ ಪಕ್ಕದ ಕೇಂದ್ರಗಳು ಶಾಲೆಗೆ ಹತ್ತಿರ, ಮಕ್ಕಳು ಕಾರ್ಯಕರ್ತೆಯ ಜೊತೆ ನಡೆದೇ ಹೋಗುತ್ತಾರೆ. ದೂರದ ಕೇಂದ್ರಗಳ ಮಕ್ಕಳ ಮನೆಯಲ್ಲಿ ಆಗಿನ್ನೂ ದೊಡ್ಡವರು ಯಾರಾದರೂ ಇರುತ್ತಾರೆ, ತಿಂಡಿಗೆ ಕೇಂದ್ರಕ್ಕೆ ಬಂದವರನ್ನು ಅವರೇ ಶಾಲೆಗೆ ಬಿಡುತ್ತಾರೆ. ರೋಬಸ್ಟಾ ಶುರುವಾದಮೇಲೆ ಜೀಪು ಬೇಕು. ಈ ಉತ್ತರವನ್ನು ಬಜೆಟ್ ಟಿಪ್ಪಣಿಯಲ್ಲೇ ಸೇರಿಸಿ ಮತ್ತೊಮ್ಮೆ ಕಳಿಸಿ ಎಂದರು. ಸೇರಿಸಿ, ಕನ್ನಡ ಪ್ರತಿಯಲ್ಲೂ ಅದೇ ಸಾಲು ಹಾಕಿ, ಎರಡನ್ನೂ ಕಳಿಸಿದೆವು.